ಲೋಟ, ಬಟ್ಟಲು, ಚಮಚ: ಮನೆಯ ಅಳತೆಯನ್ನು ಮಿಲಿಲೀಟರ್ ಮತ್ತು ಗ್ರಾಂಗೆ ಹೊಂದಿಸಿಕೊಳ್ಳುವ ಕ್ರಮ

ನನ್ನ ತವರು ತೀರ್ಥಹಳ್ಳಿಯ ಕಡೆ. ಅಲ್ಲಿ ಅಕ್ಕಿ ತರಿಯ ಕಡುಬಿಗೆ ಅಮ್ಮ ಹೇಳುತ್ತಿದ್ದ ಲೆಕ್ಕ ಒಂದೇ ಸಾಲಿನದು: "ಒಂದು ಲೋಟ ತರಿಗೆ ಎರಡು ಲೋಟ ನೀರು, ಒಂದು ಚಮಚ ಉಪ್ಪು, ಅಷ್ಟೇ ಕಣೇ." ಸಾಗರದ ನಮ್ಮ ಮನೆಯಲ್ಲಿ ಒಮ್ಮೆ ನೆಂಟರೆಲ್ಲ ಸೇರಿದ್ದಾಗ ನಾನು ಲೋಟವನ್ನು ಬದಿಗಿಟ್ಟು, ಎರಡು ಕಿಲೋ ತರಿಯನ್ನು ತೂಗಿ, ಅದಕ್ಕೆ ಸರಿಯಾಗಿ ನಾಲ್ಕು ಲೀಟರ್ ನೀರನ್ನು ಕುದಿಸಿ ಹಾಕಿದೆ. ಒಂದಕ್ಕೆ ಎರಡು ಎಂಬ ಲೆಕ್ಕ ತಪ್ಪಿರಲಿಲ್ಲ. ಆದರೂ ಹಿಟ್ಟು ಪಾತ್ರೆಯಲ್ಲಿಯೇ ಗಟ್ಟಿಯಾಯಿತು, ಉಂಡೆ ಕಟ್ಟುವಾಗ ಅಂಚಿನಲ್ಲಿ ಬಿರಿಯಿತು, ಹಬೆಯಿಂದ ತೆಗೆದ ಕಡುಬನ್ನು ಮುರಿದರೆ ನಡುವೆ ತರಿ ಬಿಳಿಯಾಗಿ, ಹಲ್ಲಿಗೆ ಸಿಗುವಂತೆ ಉಳಿದಿತ್ತು.

ಲೋಟದ "ಒಂದಕ್ಕೆ ಎರಡು" ಎಂಬುದು ಜಾಗದ ಲೆಕ್ಕವೇ ಹೊರತು ತೂಕದ ಲೆಕ್ಕವಲ್ಲ. ಒಂದು ಲೋಟ ನೀರು ಎಷ್ಟು ತೂಗುತ್ತದೆಯೋ ಒಂದು ಲೋಟ ತರಿ ಅಷ್ಟು ತೂಗುವುದಿಲ್ಲ, ಏಕೆಂದರೆ ತರಿಯ ಕಾಳುಗಳ ನಡುವೆ ಗಾಳಿ ಇರುತ್ತದೆ. ಈ ವ್ಯತ್ಯಾಸವನ್ನು ಒಂದು ಬಾರಿ ಅಳೆದು ಬರೆದಿಟ್ಟುಕೊಂಡರೆ ಲೋಟದ ಅಡುಗೆಯನ್ನು ಗ್ರಾಂಗೂ, ಗ್ರಾಂನ ಅಡುಗೆಯನ್ನು ಲೋಟಕ್ಕೂ ತಪ್ಪಿಲ್ಲದೆ ತರಬಹುದು. ಅದಕ್ಕೆ ಬೇಕಾದ ಸಮಯ ಒಂದು ಮಧ್ಯಾಹ್ನ.

ಮೊದಲು ಲೋಟ

ಅಡುಗೆಮನೆಯಲ್ಲಿ ಐದಾರು ಬಗೆಯ ಸ್ಟೀಲ್ ಲೋಟಗಳಿರುತ್ತವೆ. ಅವುಗಳಲ್ಲಿ ಅಳತೆಗೆಂದು ಒಂದನ್ನೇ ಆರಿಸಿ, ತಳದಲ್ಲಿ ಉಗುರುಬಣ್ಣದಿಂದ ಒಂದು ಚುಕ್ಕೆ ಇಡಿ. ಬಾಯಿ ಅಂಚು ನೆಗ್ಗಿರದ, ತಳ ಉಬ್ಬಿರದ ಲೋಟವಾಗಿರಲಿ.

ಒಂದು ಗ್ರಾಂವರೆಗೆ ತೋರಿಸುವ ಅಡುಗೆಮನೆಯ ಡಿಜಿಟಲ್ ತಕ್ಕಡಿ ಇದ್ದರೆ ಅದನ್ನು ಅಲುಗಾಡದ ಸಮತಟ್ಟಾದ ಕಟ್ಟೆಯ ಮೇಲಿಟ್ಟು, ಖಾಲಿ ಲೋಟವನ್ನು ಅದರ ಮೇಲಿರಿಸಿ, ಟೇರ್ ಗುಂಡಿ ಒತ್ತಿ ಸೊನ್ನೆಗೆ ತನ್ನಿ. ಈಗ ನೀರನ್ನು ಬಾಯಿ ಅಂಚಿನವರೆಗೆ ತುಂಬಿ. ಅಡುಗೆಯ ಮಟ್ಟಿಗೆ ಒಂದು ಮಿಲಿಲೀಟರ್ ನೀರು ಒಂದು ಗ್ರಾಂ ತೂಗುತ್ತದೆ, ಆದ್ದರಿಂದ ತಕ್ಕಡಿ ತೋರಿಸುವ ಗ್ರಾಂ ಸಂಖ್ಯೆಯೇ ಆ ಲೋಟ ಹಿಡಿಯುವ ಮಿಲಿಲೀಟರ್. ನೀರು ಅಂಚಿಗಿಂತ ಮೇಲಕ್ಕೆ ತುಸು ಉಬ್ಬಿ ನಿಲ್ಲುವ ಗುಣವುಳ್ಳದ್ದರಿಂದ, ಉಬ್ಬು ಕಾಣುವ ಮೊದಲೇ ಹಾಕುವುದನ್ನು ನಿಲ್ಲಿಸಬೇಕು. ಮೂರು ಬಾರಿ ಅಳೆದು ನಡುವಿನ ಸಂಖ್ಯೆಯನ್ನು ಇಟ್ಟುಕೊಳ್ಳಿ. ಅಮ್ಮ ನನಗೆ ಕೊಟ್ಟ ಲೋಟ ಹೀಗೆ ಅಳೆದಾಗ 256 ಮಿಲಿಲೀಟರ್ ಬಂತು.

ಆದರೆ ಯಾರೂ ನೀರನ್ನು ಬಾಯಿ ಅಂಚಿನವರೆಗೆ ತುಂಬಿಕೊಂಡು ಒಲೆಯವರೆಗೆ ಒಯ್ಯುವುದಿಲ್ಲ. ಹೆಚ್ಚಿನ ಬರಹಗಳು ಬಿಟ್ಟುಬಿಡುವ ಸಂಗತಿ ಇದು. ಅಮ್ಮ ನೀರು ಅಳೆಯುವುದನ್ನು ಹತ್ತಿರದಿಂದ ನೋಡಿದರೆ, ಅಂಚಿನಿಂದ ಅರ್ಧ ಸೆಂಟಿಮೀಟರ್ ಕೆಳಗೆ ಅವರ ಕೈ ತಾನಾಗಿ ನಿಲ್ಲುತ್ತದೆ. ಅದೇ ತರಿಯನ್ನು ಅಳೆಯುವಾಗ ಲೋಟವನ್ನು ಡಬ್ಬಿಯೊಳಗೆ ಮುಳುಗಿಸಿ, ಎತ್ತಿ, ಅಂಗೈಯ ಅಂಚಿನಿಂದ ಮೇಲೆ ಸವರಿಬಿಡುತ್ತಾರೆ. ಅಂದರೆ ತರಿ ಬಾಯಿ ಮಟ್ಟಕ್ಕೆ ಪೂರ್ತಿ 256 ಮಿಲಿಲೀಟರ್, ನೀರು ಮಾತ್ರ ಪ್ರತಿ ಲೋಟಕ್ಕೆ 238 ಮಿಲಿಲೀಟರ್. ಒಂದು ಲೋಟಕ್ಕೆ 18 ಮಿಲಿಲೀಟರ್ ವ್ಯತ್ಯಾಸ ಸಣ್ಣದೆನಿಸಿದರೂ ದೊಡ್ಡ ಅಡುಗೆಯಲ್ಲಿ ಅದು ಲೋಟಗಟ್ಟಲೆ ಆಗುತ್ತದೆ. ಆದ್ದರಿಂದ ಪ್ರತಿ ಲೋಟಕ್ಕೂ ಎರಡು ಸಂಖ್ಯೆ ಬರೆದಿಡಿ: ಬಾಯಿ ಮಟ್ಟದ್ದೊಂದು, ಒಯ್ಯುವ ಮಟ್ಟದ್ದೊಂದು. ಎರಡನೆಯದಕ್ಕೆ ನೀವು ದಿನವೂ ನೀರು ಹಿಡಿಯುವಂತೆಯೇ, ತಕ್ಕಡಿಯನ್ನು ನೋಡದೆ ತುಂಬಿ, ಬಳಿಕ ತೂಗಬೇಕು. ನೋಡಿಕೊಂಡು ತುಂಬಿದರೆ ಕೈ ಸುಳ್ಳು ಹೇಳುತ್ತದೆ.

ತಕ್ಕಡಿ ಇಲ್ಲದವರು ಒಂದು ಲೀಟರ್‌ನ, ಇನ್ನೂ ಒಡೆಯದ ನೀರಿನ ಬಾಟಲಿಯನ್ನು ತಂದು, ಅದು ಎಷ್ಟು ಲೋಟವಾಗುತ್ತದೆ ಎಂದು ಎಣಿಸಿದರೆ ಸಾಕು. ನಾಲ್ಕು ಲೋಟ ತುಂಬಿ ಸ್ವಲ್ಪ ಉಳಿದರೆ ಲೋಟ 250ಕ್ಕಿಂತ ಕಡಿಮೆ, ನಾಲ್ಕನೆಯದು ತುಂಬದಿದ್ದರೆ 250ಕ್ಕಿಂತ ಹೆಚ್ಚು.

ಅರ್ಧ ಲೋಟ ಎಂದರೆ ಅರ್ಧ ಎತ್ತರವಲ್ಲ

ನಮ್ಮ ಸ್ಟೀಲ್ ಲೋಟಗಳ ತಳ ಕಿರಿದು, ಬಾಯಿ ಅಗಲ. ನನ್ನ ಲೋಟದ ತಳದ ಅಡ್ಡಳತೆ 5 ಸೆಂಟಿಮೀಟರ್, ಬಾಯಿಯದು 7, ಎತ್ತರ 9. ಇದರಲ್ಲಿ ಸರಿಯಾಗಿ ಅರ್ಧ ಎತ್ತರಕ್ಕೆ ನೀರು ಹಾಕಿದರೆ ಹಿಡಿಯುವುದು 107 ಮಿಲಿಲೀಟರ್ ಮಾತ್ರ. ನಿಜವಾದ ಅರ್ಧ 128. ಕಣ್ಣಳತೆಯಲ್ಲಿ ಅರ್ಧ ಎಂದು ಹಾಕಿದ್ದು ಐದರಲ್ಲಿ ಎರಡು ಪಾಲಿಗೆ ಹತ್ತಿರವಿರುತ್ತದೆ. ಬಟ್ಟಲಿನಲ್ಲಿ ಈ ಮೋಸ ಇನ್ನೂ ದೊಡ್ಡದು. ಪೂರ್ತಿ ಗುಂಡಗಿನ ಅರೆಗೋಳದ ಬಟ್ಟಲಾದರೆ ಅರ್ಧ ಆಳದಲ್ಲಿ ಹಿಡಿಯುವುದು ಒಟ್ಟಿನ ಮೂರನೆಯ ಒಂದು ಪಾಲಿಗಿಂತಲೂ ತುಸು ಕಡಿಮೆ. ತಳ ಚಪ್ಪಟೆಯಿರುವ ಊಟದ ಬಟ್ಟಲುಗಳು ಲೋಟಕ್ಕೂ ಅರೆಗೋಳಕ್ಕೂ ನಡುವೆ ಎಲ್ಲೋ ನಿಲ್ಲುತ್ತವೆ. ಈ ಕಾರಣಕ್ಕೆ ಬಟ್ಟಲನ್ನು ತುಂಬಿ ಅಳೆಯುವುದಕ್ಕೆ ಮಾತ್ರ ಬಳಸುವುದು, ಅರ್ಧ ಕಾಲುಗಳಿಗೆ ಬಳಸದಿರುವುದು ನನ್ನ ರೂಢಿ.

ಅರ್ಧ ಲೋಟ ಬೇಕೆಂದಿದ್ದರೆ ಒಂದು ಉಪಾಯವಿದೆ. ಒಂದು ಲೋಟ ನೀರನ್ನು ಒಂದೇ ತೆರನಾದ ಎರಡು ಸಣ್ಣ ಬಟ್ಟಲುಗಳಿಗೆ ಸಮಸಮ ಮಟ್ಟಕ್ಕೆ ಹಂಚಿ, ಒಂದು ಬಟ್ಟಲಿನ ನೀರನ್ನು ಮರಳಿ ಲೋಟಕ್ಕೆ ಸುರಿದು, ನೀರು ನಿಂತ ಎತ್ತರದಲ್ಲಿ ಲೋಟದ ಹೊರಗೆ ಒಂದು ಗೆರೆ ಎಳೆಯಿರಿ. ಸ್ಟೀಲ್ ಲೋಟದ ಹೊರಗಿನಿಂದ ನೀರು ಕಾಣದಿರುವುದರಿಂದ, ಒಂದು ಕಡ್ಡಿಯನ್ನು ಒಳಗಿಳಿಸಿ ಒದ್ದೆಯಾದ ಉದ್ದವನ್ನು ಹೊರಮೈಗೆ ಹಿಡಿದು ಗುರುತು ಮಾಡಬೇಕಾಗುತ್ತದೆ. ಕಡ್ಡಿಯನ್ನು ನೇರವಾಗಿ ಇಳಿಸಬೇಕು, ಹೊರಗೂ ನೇರವಾಗಿಯೇ ನಿಲ್ಲಿಸಬೇಕು. ಓರೆಯಾದರೆ ಗೆರೆ ತಪ್ಪುತ್ತದೆ. ನನ್ನ ಲೋಟದಲ್ಲಿ ಆ ಗೆರೆ ಅರ್ಧಕ್ಕಿಂತ ಸುಮಾರು ಮುಕ್ಕಾಲು ಸೆಂಟಿಮೀಟರ್ ಮೇಲಿದೆ.

ಚಮಚ

ಅಳತೆಯ ಲೆಕ್ಕದಲ್ಲಿ ಚಹಾ ಚಮಚವೆಂದರೆ 5 ಮಿಲಿಲೀಟರ್, ಊಟದ ದೊಡ್ಡ ಚಮಚವೆಂದರೆ 15. ಮನೆಯ ಚಮಚಗಳು ಈ ಮಾತನ್ನು ಕೇಳಿ ತಯಾರಾದವುಗಳಲ್ಲ. ಒಂದು ಚಮಚ ನೀರನ್ನು ತೂಗಲು ಹೋದರೆ ತಕ್ಕಡಿ ನಾಲ್ಕು ಎನ್ನುತ್ತದೆ, ಮರುಬಾರಿ ಐದು ಎನ್ನುತ್ತದೆ. ಅದಕ್ಕಾಗಿ ಹತ್ತು ಚಮಚ ನೀರನ್ನು ಒಂದಾದ ಮೇಲೊಂದರಂತೆ ಲೋಟಕ್ಕೆ ಹಾಕಿ, ಒಟ್ಟು ತೂಕವನ್ನು ಹತ್ತರಿಂದ ಭಾಗಿಸಬೇಕು. ನಮ್ಮ ಉಪ್ಪಿನ ಡಬ್ಬಿಯ ಚಮಚ ಹತ್ತಕ್ಕೆ 43 ಗ್ರಾಂ ತೋರಿಸಿತು, ಅಂದರೆ ಒಂದು ಚಮಚ 4.3 ಮಿಲಿಲೀಟರ್. ತಕ್ಕಡಿ ಇಲ್ಲದಿದ್ದರೆ ಮಕ್ಕಳ ಔಷಧಿ ಬಾಟಲಿಯೊಂದಿಗೆ ಬರುವ, ಗೆರೆಗಳಿರುವ ಮುಚ್ಚಳ ಈ ಕೆಲಸಕ್ಕೆ ಬಹಳ ಚೆನ್ನಾಗಿ ಒದಗುತ್ತದೆ. 10 ಮಿಲಿಲೀಟರ್ ಗೆರೆ ಮುಟ್ಟಲು ಎಷ್ಟು ಚಮಚ ಬೇಕೆಂದು ಎಣಿಸಿ.

ಚಮಚದ ಗಾತ್ರಕ್ಕಿಂತ ದೊಡ್ಡ ತೊಡಕು ಅದನ್ನು ತುಂಬುವ ರೀತಿ. ಅದೇ ಚಮಚದಲ್ಲಿ ಪುಡಿ ಉಪ್ಪನ್ನು ತೆಗೆದು ಚಾಕುವಿನ ಬೆನ್ನಿನಿಂದ ಸವರಿದಾಗ 5 ಗ್ರಾಂಗೆ ತುಸು ಮೇಲೆ ಬಂತು. ಗೋಪುರದಂತೆ ತೆಗೆದಾಗ 9 ಗ್ರಾಂ ಬಂತು. ಕಲ್ಲುಪ್ಪನ್ನು ಸವರಿ ತೆಗೆದರೆ 4 ಗ್ರಾಂಗೆ ಸ್ವಲ್ಪ ಹೆಚ್ಚು, ಏಕೆಂದರೆ ಹರಳುಗಳ ನಡುವೆ ಸಂದು ಉಳಿಯುತ್ತದೆ. ಕಲ್ಲುಪ್ಪಿನ ಕಾಲದ ಅಜ್ಜಿಯ ಒಂದು ಚಮಚವನ್ನು ಪುಡಿ ಉಪ್ಪಿನ ಗೋಪುರ ಚಮಚವಾಗಿ ಹಾಕಿದರೆ ಉಪ್ಪು ಎರಡರಷ್ಟಾಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಉಪ್ಪು ತೇವ ಹೀರಿ ಉಂಡೆಗಟ್ಟುವುದರಿಂದ ಚಮಚದ ಲೆಕ್ಕ ಇನ್ನಷ್ಟು ಹದಗೆಡುತ್ತದೆ. ಆಷಾಢ ಶ್ರಾವಣದಲ್ಲಿ ನಾನು ಉಪ್ಪನ್ನು ತೂಗಿಯೇ ಹಾಕುತ್ತೇನೆ.

ಒಂದೊಂದು ದಿನಸಿಯ ತೂಕ

ಈಗ ಬಾಯಿ ಮಟ್ಟದ ಲೋಟದಲ್ಲಿ ಮನೆಯ ದಿನಸಿಯನ್ನು ಒಂದೊಂದಾಗಿ ಅಳೆದು ತೂಗಬೇಕು. ಡಬ್ಬಿಯಲ್ಲಿ ಲೋಟ ಮುಳುಗಿಸಿ, ಕುಟ್ಟದೆ, ಒತ್ತದೆ ಎತ್ತಿ, ಚಾಕುವಿನ ಬೆನ್ನಿನಿಂದ ಸವರಿ ತೂಗಿ. 256 ಮಿಲಿಲೀಟರ್‌ನ ನನ್ನ ಲೋಟಕ್ಕೆ ಬಂದದ್ದು ಹೀಗಿದೆ:

- ಅಕ್ಕಿ: 207 ಗ್ರಾಂ
- ಅಕ್ಕಿ ತರಿ: 187 ಗ್ರಾಂ
- ತೊಗರಿಬೇಳೆ: 212 ಗ್ರಾಂ
- ಸಕ್ಕರೆ: 217 ಗ್ರಾಂ
- ಗೋಧಿಹಿಟ್ಟು: 128ರಿಂದ 165 ಗ್ರಾಂ
- ತುರಿದ ಅಚ್ಚುಬೆಲ್ಲ: ಸುಮಾರು 160 ಗ್ರಾಂ

ಇವು ನನ್ನ ಲೋಟದ, ನನ್ನ ಅಂಗಡಿಯ ದಿನಸಿಯ ಸಂಖ್ಯೆಗಳು. ನಿಮ್ಮ ಲೋಟ 200 ಮಿಲಿಲೀಟರ್‌ನದಾದರೆ ಪ್ರತಿಯೊಂದನ್ನೂ 200ರಿಂದ ಗುಣಿಸಿ 256ರಿಂದ ಭಾಗಿಸಿದರೆ ಹತ್ತಿರದ ಅಂದಾಜು ಸಿಗುತ್ತದೆ. ಆದರೂ ತೂಗಿ ನೋಡುವುದು ಲೇಸು, ಏಕೆಂದರೆ ದಪ್ಪ ತರಿಯೂ ಸಣ್ಣ ತರಿಯೂ ಒಂದೇ ತೂಕ ಕೊಡುವುದಿಲ್ಲ.

ತಕ್ಕಡಿಯಿಲ್ಲದವರಿಗೆ ಇಲ್ಲಿಯೂ ದಾರಿ ಇದೆ. ತೂಕ ಮುದ್ರಿಸಿರುವ ಒಂದು ಕಿಲೋ ಪೊಟ್ಟಣವನ್ನು ಒಡೆದು, ಅದು ಎಷ್ಟು ಸವರಿದ ಲೋಟವಾಗುತ್ತದೆಂದು ಎಣಿಸಿದರೆ, ಸಾವಿರವನ್ನು ಆ ಎಣಿಕೆಯಿಂದ ಭಾಗಿಸಿದಾಗ ಲೋಟದ ತೂಕ ಸಿಗುತ್ತದೆ. ನನ್ನ ಲೋಟಕ್ಕೆ ಒಂದು ಕಿಲೋ ತರಿ ಐದು ಲೋಟ ತುಂಬಿ, ಮೇಲೆ ಮೂರನೆಯ ಒಂದು ಪಾಲಿನಷ್ಟು ಉಳಿಯುತ್ತದೆ.

ಪಟ್ಟಿಯಲ್ಲಿ ಗೋಧಿಹಿಟ್ಟಿಗೆ ಮಾತ್ರ ಎರಡು ಸಂಖ್ಯೆ ಇರುವುದನ್ನು ಗಮನಿಸಿರಬಹುದು. ಚಮಚದಿಂದ ಹಗುರವಾಗಿ ಉದುರಿಸಿ ತುಂಬಿದಾಗ 128 ಗ್ರಾಂ, ಡಬ್ಬಿಯ ಗೋಡೆಗೆ ಒತ್ತಿ ಅಗೆದು ಎರಡು ಸಲ ಕುಟ್ಟಿದಾಗ 165 ಗ್ರಾಂ. ಕಣ ಸಣ್ಣದಾದಷ್ಟೂ ನಡುವಿನ ಗಾಳಿ ಹೆಚ್ಚು, ಒತ್ತಿದರೆ ಅದು ಹೊರಗೆ ಹೋಗುತ್ತದೆ. ಅಕ್ಕಿಯನ್ನು ಎಷ್ಟೇ ಕುಟ್ಟಿದರೂ ಹತ್ತು ಗ್ರಾಂಗಿಂತ ಹೆಚ್ಚು ಬದಲಾಗಲಿಲ್ಲ. ಹೀಗಾಗಿ ಅಕ್ಕಿ ಬೇಳೆಗಳಿಗೆ ಲೋಟ ಧಾರಾಳವಾಗಿ ಸಾಕು, ಹಿಟ್ಟಿಗೆ ಸಾಲದು. ಚಪಾತಿಗೆ ನೀರನ್ನು ಕೈಯ ಹದ ನೋಡಿ ಹಾಕುವುದರಿಂದ ತೊಂದರೆ ತಿಳಿಯುವುದಿಲ್ಲ. ಕೇಕ್ ಮಾಡಹೊರಟಾಗ ತಿಳಿಯುತ್ತದೆ.

ದ್ರವಗಳ ವಿಷಯದಲ್ಲಿ ಹಾಲು ಮಜ್ಜಿಗೆಗಳನ್ನು ನೀರಿನಂತೆಯೇ ಎಣಿಸಬಹುದು. ಎಣ್ಣೆ ನೀರಿಗಿಂತ ಹಗುರ. ಒಂದು ಲೀಟರ್ ಎಣ್ಣೆಯ ಪೊಟ್ಟಣದ ಮೇಲೆ ಸಾಮಾನ್ಯವಾಗಿ 910 ಗ್ರಾಂ ಎಂದು ಮುದ್ರಿತವಾಗಿರುವುದು ಇದಕ್ಕೇ. ಕರಗಿದ ತುಪ್ಪವೂ ಹೆಚ್ಚು ಕಡಿಮೆ ಹಾಗೆಯೇ. ನಮ್ಮ ಕಡೆಯ ಜೋನಿ ಬೆಲ್ಲ ಮಾತ್ರ ನೀರಿಗಿಂತ ಬಹಳ ಭಾರ. ಒಯ್ಯುವ ಮಟ್ಟಕ್ಕೆ ತುಂಬಿದ ಲೋಟ ಜೋನಿ ಬೆಲ್ಲ ನನ್ನ ತಕ್ಕಡಿಯಲ್ಲಿ ಸುಮಾರು 325 ಗ್ರಾಂ ತೂಗಿತು, ತುರಿದ ಅಚ್ಚುಬೆಲ್ಲದ ಲೋಟಕ್ಕಿಂತ ಎರಡರಷ್ಟು. ತುರಿದ ಬೆಲ್ಲ ಒಂದು ಲೋಟ ಎಂದಿರುವ ಪಾಯಸಕ್ಕೆ ಜೋನಿ ಬೆಲ್ಲವನ್ನೂ ಒಂದು ಲೋಟ ಸುರಿದರೆ ಏನಾಗುತ್ತದೆಂದು ನಮ್ಮ ಮನೆಯಲ್ಲಿ ಒಮ್ಮೆ ಎಲ್ಲರೂ ಉಂಡು ತಿಳಿದಿದ್ದಾರೆ. ಅರ್ಧ ಲೋಟಕ್ಕೆ ಸ್ವಲ್ಪ ಮೇಲೆ ಹಾಕಿ ರುಚಿ ನೋಡುವುದು ಸರಿ. ಜೋನಿಯಲ್ಲಿ ನೀರಿನಂಶ ಇರುವುದರಿಂದ ತೂಕಕ್ಕೆ ತೂಕ ಹಾಕಿದರೆ ಸಿಹಿ ತುಸು ಕಡಿಮೆಯೇ ಬರುತ್ತದೆ.

ಕಡುಬಿನ ಲೆಕ್ಕವನ್ನು ಮತ್ತೆ ಮಾಡಿದಾಗ

ಇಷ್ಟು ಅಳೆದ ಮೇಲೆ ಹಾಳಾದ ಕಡುಬಿನ ಕಾರಣ ಕಾಗದದ ಮೇಲೆ ಸ್ಪಷ್ಟವಾಯಿತು. ಅಮ್ಮನ ಒಂದು ಲೋಟ ತರಿ 187 ಗ್ರಾಂ. ಎರಡು ಲೋಟ ನೀರು, ಒಯ್ಯುವ ಮಟ್ಟದಲ್ಲಿ 238ರಂತೆ 476 ಮಿಲಿಲೀಟರ್. 476ನ್ನು 187ರಿಂದ ಭಾಗಿಸಿದರೆ ಎರಡೂವರೆಗೆ ತುಸು ಮೇಲೆ. ಅಮ್ಮನ "ಒಂದಕ್ಕೆ ಎರಡು" ತೂಕದಲ್ಲಿ ಒಂದಕ್ಕೆ ಎರಡೂವರೆ ಆಗಿತ್ತು. ಎರಡು ಕಿಲೋ ತರಿಗೆ ಬೇಕಾಗಿದ್ದುದು ಐದು ಲೀಟರ್ ನೀರು. ನಾನು ಹಾಕಿದ್ದು ನಾಲ್ಕು.

ಕಾಗದದಲ್ಲಿ ಐದು ಲೀಟರ್‌ನ ಮೇಲೆ ಇನ್ನೊಂದು 90 ಮಿಲಿಲೀಟರ್ ಬರುತ್ತದೆ. ಅದನ್ನು ಬಿಟ್ಟುಬಿಡಬಹುದು. ಸಣ್ಣ ಪಾತ್ರೆಯಲ್ಲಿ ಕುದಿಯುವಾಗ ಆವಿಯಾಗುವ ನೀರಿನ ಪಾಲಿಗಿಂತ ದೊಡ್ಡ ಪಾತ್ರೆಯಲ್ಲಿ ಆವಿಯಾಗುವ ಪಾಲು ಕಡಿಮೆ, ಏಕೆಂದರೆ ನೀರು ಹತ್ತು ಪಟ್ಟಾದರೂ ಪಾತ್ರೆಯ ಬಾಯಿ ಹತ್ತು ಪಟ್ಟು ಅಗಲವಾಗುವುದಿಲ್ಲ. ಹೀಗಾಗಿ ನಾನು ಈಗ ನಾಲ್ಕು ಮುಕ್ಕಾಲು ಲೀಟರ್ ನೀರನ್ನು ಕುದಿಸಿ ತರಿ ಹಾಕುತ್ತೇನೆ, ಉಳಿದ ಕಾಲು ಲೀಟರನ್ನು ಬೇರೆ ಪಾತ್ರೆಯಲ್ಲಿ ಕುದಿಯಲು ಬಿಟ್ಟು, ತರಿ ನೀರು ಕುಡಿದ ಮೇಲೆ ಹದ ನೋಡಿ ಸೇರಿಸುತ್ತೇನೆ. ಹದ ಸರಿಯಿದ್ದರೆ ಒದ್ದೆ ಕೈಯಲ್ಲಿ ಕಟ್ಟಿದ ಉಂಡೆಯ ಮೈ ನಯವಾಗಿ, ಬೆರಳು ಒತ್ತಿದಲ್ಲಿ ಬಿರಿಯದೆ ತಗ್ಗುತ್ತದೆ. ಅಂಚು ಬಿರಿದರೆ ನೀರು ಸಾಲದು. ಉಂಡೆ ನಿಲ್ಲದೆ ಕೈಗೆ ಮೆತ್ತಿಕೊಂಡರೆ ಹೆಚ್ಚಾಗಿದೆ, ಆಗ ಸಣ್ಣ ಉರಿಯಲ್ಲಿ ಎರಡು ನಿಮಿಷ ಮಗುಚಬೇಕು. ಹೊಸ ಅಕ್ಕಿಯ ತರಿ ಹಳೆಯ ಅಕ್ಕಿಯ ತರಿಗಿಂತ ಕಡಿಮೆ ನೀರು ಕುಡಿಯುವುದರಿಂದ ಆ ಕಾಲು ಲೀಟರನ್ನು ಕೈಯಲ್ಲಿ ಉಳಿಸಿಕೊಂಡಿರುವುದು ಬೇಕೇ ಬೇಕು; ಅದನ್ನು ಯಾವ ತಕ್ಕಡಿಯೂ ಹೇಳುವುದಿಲ್ಲ.

ಉಪ್ಪಿನ ಲೆಕ್ಕ ಬೇರೆ ಬಗೆಯದು. ತರಿಯೂ ನೀರೂ ಒಂದೇ ಲೋಟದಿಂದ ಬರುವುದರಿಂದ ಲೋಟ ಸಣ್ಣದಾದರೂ ದೊಡ್ಡದಾದರೂ ಅವೆರಡರ ಹೊಂದಿಕೆ ಕೆಡುವುದಿಲ್ಲ. ಚಮಚ ಮಾತ್ರ ಲೋಟದೊಂದಿಗೆ ಬೆಳೆಯುವುದಿಲ್ಲ, ಕುಗ್ಗುವುದೂ ಇಲ್ಲ. ಅಮ್ಮನ ಲೋಟದಲ್ಲಿ ತರಿ ನೀರು ಸೇರಿ 663 ಗ್ರಾಂ, ಅದಕ್ಕೆ ಸವರಿದ ಒಂದು ಚಮಚ ಪುಡಿ ಉಪ್ಪು, ಅಂದರೆ 5.2 ಗ್ರಾಂ, ನೂರಕ್ಕೆ 0.8ರಷ್ಟು. ನನ್ನ ತಂಗಿ ಇದೇ ಕ್ರಮವನ್ನು ತನ್ನ ಕಾಫಿ ಲೋಟದಲ್ಲಿ ಮಾಡಿದಳು. ಅದು ಬಾಯಿ ಮಟ್ಟಕ್ಕೆ 165 ಮಿಲಿಲೀಟರ್‌ನದು. ತರಿ 120 ಗ್ರಾಂ, ನೀರು 306, ಒಟ್ಟು 426. ಅದೇ ಒಂದು ಚಮಚ ಉಪ್ಪು ಅಲ್ಲಿ ನೂರಕ್ಕೆ 1.2 ಆಯಿತು. "ಅಕ್ಕಾ, ಕಡುಬು ಮೆತ್ತಗೆ ಬಂದಿದೆ, ಆದರೆ ಉಪ್ಪುಪ್ಪು" ಎಂದು ಅವಳು ಫೋನು ಮಾಡಿದ್ದು ಸರಿಯಾಗಿಯೇ ಇತ್ತು: ಹೊಂದಿಕೆ ಉಳಿದಿತ್ತು, ಚಮಚ ಕೈಕೊಟ್ಟಿತ್ತು. ಅಮ್ಮನ ಪಾಕಕ್ರಮಗಳನ್ನು ಬರೆದಿಟ್ಟುಕೊಳ್ಳುವಾಗ ಲೋಟದ ಅಳತೆಗಳನ್ನು ಲೋಟದಲ್ಲಿಯೇ ಬಿಟ್ಟು, ಚಮಚದಲ್ಲಿ ಹೇಳಿದ್ದನ್ನು ಗ್ರಾಂಗೆ ತಿರುಗಿಸಿ, ಯಾವ ಲೋಟಕ್ಕೆ ಆ ಚಮಚ ಎಂಬುದನ್ನು ಪಕ್ಕದಲ್ಲಿ ಬರೆಯಬೇಕು. ಎರಡು ಕಿಲೋ ತರಿಯ ಕಡುಬಿಗೆ ಈ ಲೆಕ್ಕದಲ್ಲಿ ಉಪ್ಪು 55 ಗ್ರಾಂ. ನಮ್ಮ ಚಮಚದಲ್ಲಿ ಸವರಿ ಹಾಕಿದರೆ ಹತ್ತೂವರೆ.

ಅಂತರ್ಜಾಲದ ಪಾಕಕ್ರಮಗಳಲ್ಲಿ "ಒಂದು ಕಪ್" ಎಂದಿದ್ದರೆ ಅದು ಯಾರ ಕಪ್ ಎಂದು ಮೊದಲು ನೋಡಿಕೊಳ್ಳಿ. ಅಮೆರಿಕದವರ ಬರಹವಾದರೆ ಸುಮಾರು 240 ಮಿಲಿಲೀಟರ್, ಆಸ್ಟ್ರೇಲಿಯಾದವರದಾದರೆ 250. ವಿದ್ಯುತ್ ಅನ್ನದ ಕುಕ್ಕರಿನೊಂದಿಗೆ ಬರುವ ಪ್ಲಾಸ್ಟಿಕ್ ಲೋಟ ಸಾಮಾನ್ಯವಾಗಿ 180 ಮಿಲಿಲೀಟರ್‌ನದು, ಮತ್ತು ಕುಕ್ಕರಿನ ಒಳಗಿನ ನೀರಿನ ಗೆರೆಗಳು ಆ ಲೋಟಕ್ಕೆ ಮಾತ್ರ ಹೊಂದುತ್ತವೆ. ನಮ್ಮ 256ರ ಲೋಟದಲ್ಲಿ ಎರಡು ಲೋಟ ಅಕ್ಕಿ ಹಾಕಿ ಕುಕ್ಕರಿನ ಎರಡರ ಗೆರೆಗೆ ನೀರು ತುಂಬಿದರೆ ಅನ್ನ ನುಚ್ಚುನುಚ್ಚಾಗಿ, ನಡುವೆ ಬೇಯದೆ ಉಳಿಯುತ್ತದೆ. ಅಂಥ ಕುಕ್ಕರಿಗೆ ಒಂದು ಲೋಟ ಅಕ್ಕಿ ಎಂದರೆ ಒಂದಲ್ಲ, ಸುಮಾರು ಒಂದೂವರೆ ಅಳತೆ ಎಂದು ಎಣಿಸಿ ಗೆರೆ ನೋಡಬೇಕು.

ನಮ್ಮ ಸಂಖ್ಯೆಗಳನ್ನೆಲ್ಲ ಒಂದು ರಟ್ಟಿನ ಮೇಲೆ ಬರೆದು ಕಪಾಟಿನ ಬಾಗಿಲಿನ ಒಳಬದಿಗೆ ಅಂಟಿಸಿದ್ದೇನೆ. ಪೆನ್ಸಿಲಿನಲ್ಲಿ ಬರೆದಿದ್ದೇನೆ, ಏಕೆಂದರೆ ಶಾಯಿ ಮಳೆಗಾಲದ ತೇವಕ್ಕೆ ಹರಡುತ್ತದೆ, ಮತ್ತು ಹೊಸ ಮೂಟೆ ಅಕ್ಕಿಯೋ ತರಿಯೋ ಬಂದಾಗ ಆ ಸಾಲನ್ನು ಅಳಿಸಿ, ಮತ್ತೆ ತೂಗಿ ಬರೆಯಬೇಕಾಗುತ್ತದೆ.